ಕೆಲಸ ಬಿಡದೆ ಕಂಪನಿಯೊಳಗೇ ಹೊಸ ಉತ್ಪನ್ನ ಹುಡುಕುವುದು: ವಾರಂಟಿ ಫೈಲಿನಿಂದ ಶುರು ಮಾಡಿ

ನಿಮ್ಮ ಕಂಪನಿ ಪಂಪ್ ಮಾಡಲಿ, ಸಾಫ್ಟ್‌ವೇರ್ ಮಾಡಲಿ, ವಿಮೆ ಮಾರಲಿ. ನಿಯಮದ ಪ್ರಕಾರ ಆಗಬಾರದ ಒಂದು ಖರ್ಚು ಅಲ್ಲಿ ಪ್ರತಿ ತಿಂಗಳೂ ಆಗುತ್ತಿರುತ್ತದೆ. ಗ್ರಾಹಕ ಗಲಾಟೆ ಮಾಡಿದ, ಡೀಲರ್ ಫೋನ್ ಮಾಡಿದ, ಮ್ಯಾನೇಜರ್ 'ಈ ಸಲ ಕೊಟ್ಟುಬಿಡಿ' ಅಂದರು. ಆ ಖರ್ಚಿಗೆ ಒಂದು ಹೆಸರೂ ಇರುತ್ತದೆ. ಪಂಪಿನವರಲ್ಲಿ ಅದು 'ಸ್ಪೆಷಲ್ ಅಪ್ರೂವಲ್', ವಿಮೆಯವರಲ್ಲಿ 'ಎಕ್ಸ್‌ಗ್ರೇಶಿಯಾ', ಸಾಫ್ಟ್‌ವೇರ್‌ನವರಲ್ಲಿ 'ಕ್ರೆಡಿಟ್ ನೋಟ್'. ಹೊಸ ಉತ್ಪನ್ನ ಹುಡುಕುವ ನೌಕರನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಗ್ರಾಹಕನ ನೋವು ಮತ್ತು ಕಂಪನಿಯ ದುಡ್ಡು ಎರಡೂ ಒಂದೇ ಸಾಲಿನಲ್ಲಿ ಬರೆದಿರುವುದು ಅಲ್ಲಿ ಮಾತ್ರ. ಹೊರಗಿನಿಂದ ಸ್ಟಾರ್ಟಪ್ ಮಾಡುವವರಿಗೆ ಆ ಕಾಗದ ಸಿಗುವುದಿಲ್ಲ. ನಿಮಗೆ ಸಿಗುತ್ತದೆ.

ಈ ಲೇಖನದಲ್ಲಿ ಒಂದೇ ಉದಾಹರಣೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಪಂಪ್ ಮಾಡುವ ದೊಡ್ಡ ಕಂಪನಿ. ನೀವು ಅಲ್ಲಿ ಕ್ವಾಲಿಟಿ ವಿಭಾಗದಲ್ಲೋ ಅಕೌಂಟ್ಸ್‌ನಲ್ಲೋ ಇದ್ದೀರಿ ಅಂತ ಇಟ್ಟುಕೊಳ್ಳಿ. ಕಂಪನಿಯೂ ಅದರ ಅಂಕಿಗಳೂ ಲೆಕ್ಕ ತೋರಿಸುವುದಕ್ಕಾಗಿ ನಾನು ಇಟ್ಟುಕೊಂಡವು. ಪಂಪು, ಸ್ಟಾರ್ಟರ್, ಕರೆಂಟಿನ ಪರಿಸ್ಥಿತಿ ಮಾತ್ರ ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಇರುವುದೇ.

ಇನ್ನೂರು ಫೈಲು, ಒಂದೊಂದಾಗಿ

ಸರ್ವಿಸ್ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಹಳೆಯ ವಾರಂಟಿ ಕ್ಲೇಮುಗಳನ್ನು ಓದಲು ಅನುಮತಿ ಕೇಳಿ. 'ನನಗೊಂದು ಐಡಿಯಾ ಬೇಕು' ಅಂತ ಕೇಳಿದರೆ ಯಾರೂ ಕೊಡುವುದಿಲ್ಲ. 'ಸಾರ್, ಇನ್ನೂರು ಕ್ಲೇಮು ಓದಿ, ಕಾರಣದ ಪ್ರಕಾರ ಬೇರೆ ಮಾಡಿ ನಿಮಗೇ ಕೊಡ್ತೀನಿ' ಅಂದರೆ ಕೊಡುತ್ತಾರೆ. ಆ ಕೆಲಸ ಅವರಿಗೂ ಬೇಕಾಗಿರುತ್ತದೆ, ಮಾಡಲು ಅವರ ಹತ್ತಿರ ಜನ ಇರುವುದಿಲ್ಲ.

ಯಾವ ಇನ್ನೂರು ಅನ್ನುವುದು ಮುಖ್ಯ. ದೊಡ್ಡ ಗಲಾಟೆ ಆದ ಕೇಸುಗಳನ್ನೇ ಆರಿಸಿಕೊಳ್ಳಬೇಡಿ. ಕಳೆದ ಒಂದು ವರ್ಷದ ಪಟ್ಟಿ ತೆಗೆದುಕೊಂಡು ಪ್ರತಿ ಹನ್ನೆರಡನೆಯದನ್ನು ಎತ್ತಿ. ವರ್ಷಕ್ಕೆ 2,400 ಕ್ಲೇಮು ಬರುತ್ತಿದ್ದರೆ 200 ಸಿಗುತ್ತದೆ, ಮಳೆಗಾಲ ಬೇಸಿಗೆ ಎರಡೂ ಬರುತ್ತವೆ.

ಇವುಗಳನ್ನು ಕೂತು ಓದಬೇಕು. ಎಕ್ಸೆಲ್‌ನಲ್ಲಿ ಪಿವಟ್ ಹಾಕಿ ಮುಗಿಸುವ ಆಸೆ ಆಗುತ್ತದೆ, ಆದರೆ ಪಿವಟ್‌ಗೆ ಸಿಗುವುದು ಕಂಪನಿ ಮೊದಲೇ ಕೊಟ್ಟ ಕೋಡುಗಳು ಮಾತ್ರ. ಬೇಕಾದ ವಿಷಯ ರಿಮಾರ್ಕ್ಸ್ ಕಾಲಮ್‌ನಲ್ಲಿ, ಮೆಕ್ಯಾನಿಕ್ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಗೀಚಿದ ಸಾಲಿನಲ್ಲಿ ಇರುತ್ತದೆ. 'ಪಾರ್ಟಿ ತುಂಬ ಸಿಟ್ಟಾಗಿದೆ, ಡೀಲರ್ ಸ್ವಂತ ಖರ್ಚಲ್ಲಿ ಪಂಪ್ ಎತ್ತಿಸಿದ್ದಾರೆ.' ಈ ಒಂದು ಸಾಲಿನಲ್ಲಿ ಎಷ್ಟು ವಿಷಯ ಇದೆ ನೋಡಿ. ಕಂಪನಿ ಕೊಡದ ದುಡ್ಡನ್ನು ಡೀಲರ್ ಕೊಟ್ಟಿದ್ದಾನೆ. ಯಾಕೆ?

ನಮ್ಮ ಉದಾಹರಣೆಯ ಲೆಕ್ಕ ಹೀಗೆ ಬಂತು ಅಂತ ಇಟ್ಟುಕೊಳ್ಳೋಣ. 200ರಲ್ಲಿ 118 'ವೈಂಡಿಂಗ್ ಸುಟ್ಟಿದೆ', ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿ ಸುಟ್ಟಿದೆ. ಅದರಲ್ಲಿ 84 ತಿರಸ್ಕೃತ, ಯಾಕೆಂದರೆ ಕಡಿಮೆ ವೋಲ್ಟೇಜ್ ಬಂದು ಅಥವಾ ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟರೆ ಅದಕ್ಕೆ ವಾರಂಟಿ ಇಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಏನೂ ಸಿಗುತ್ತಿರಲಿಲ್ಲ. ಆದರೆ ಆ 84ರಲ್ಲಿ 31 ಕೇಸಿಗೆ ಎರಡು ಮೂರು ವಾರ ಬಿಟ್ಟು 'ಸ್ಪೆಷಲ್ ಅಪ್ರೂವಲ್' ಅಂತ ಹೊಸ ಮೋಟಾರು ಹೋಗಿದೆ. ಒಂದು ಮೋಟಾರಿಗೆ ಕಂಪನಿಗೆ ಬೀಳುವ ಖರ್ಚು 14,000 ಅಂದರೆ 31ಕ್ಕೆ 4,34,000. ನೀವು ಓದಿದ್ದು ಹನ್ನೆರಡನೇ ಒಂದು ಭಾಗ. ವರ್ಷಕ್ಕೆ ಸುಮಾರು 52 ಲಕ್ಷ ರೂಪಾಯಿ, ಕಂಪನಿಯೇ 'ಕೊಡಬೇಕಾಗಿಲ್ಲ' ಅಂತ ಬರೆದಿಟ್ಟ ಕಡೆ ಹೋಗುತ್ತಿದೆ.

ಈ 52 ಲಕ್ಷವನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾರ ಬಾಗಿಲು ತಟ್ಟಿದರೂ ಮೊದಲು ಹೇಳುವ ಅಂಕಿ ಇದು. 'ಮಾರುಕಟ್ಟೆ ಎಷ್ಟು ಕೋಟಿಯದು' ಅನ್ನುವ ಪ್ರಶ್ನೆಗೆ ಊಹೆಯ ಉತ್ತರ ಕೊಟ್ಟವನನ್ನು ಫೈನಾನ್ಸ್‌ನವರು ಎರಡು ನಿಮಿಷದಲ್ಲಿ ಕೂರಿಸುತ್ತಾರೆ. ಅವರದೇ ಲೆಡ್ಜರಿನಿಂದ ಬಂದ ಅಂಕಿಯನ್ನು ಹಾಗೆ ತಳ್ಳಿಹಾಕುವುದಕ್ಕೆ ಆಗುವುದಿಲ್ಲ.

ಡಬ್ಬಿ ತೆಗೆಸಿ ನೋಡಿ

ಕಾಗದ ಎಲ್ಲಿ ನೋವಿದೆ ಅಂತ ಹೇಳುತ್ತದೆ, ಯಾಕಿದೆ ಅಂತ ಹೇಳುವುದಿಲ್ಲ. ಅದಕ್ಕೆ ಜಾಗಕ್ಕೇ ಹೋಗಬೇಕು. ರಜೆ ಹಾಕಿ ಹೋಗಬೇಕಾಗಿಲ್ಲ. ಸರ್ವಿಸ್ ಎಂಜಿನಿಯರ್ ಹೇಗೂ ಹೋಗುತ್ತಿರುತ್ತಾರೆ, ಅವರ ಜೊತೆ ಹೊರಡಿ. ನಿಮ್ಮ ಬಾಸ್‌ಗೆ ಇದು 'ಫೀಲ್ಡ್ ವಿಸಿಟ್', ಅಷ್ಟೇ.

ಮೊದಲ ನಿಲ್ದಾಣ ರಿವೈಂಡಿಂಗ್ ಅಂಗಡಿ ಆಗಲಿ. ಸುಟ್ಟ ಮೋಟಾರು ಬಿಚ್ಚಿದಾಗ ಕಾರಣ ಕಣ್ಣಿಗೇ ಕಾಣುತ್ತದೆ. ಮೂರೂ ಫೇಸಿನ ಸುರುಳಿಗಳು ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆಯಾಗಿಯೋ ಲೋಡ್ ಜಾಸ್ತಿಯಾಗಿಯೋ ಬಹಳ ಹೊತ್ತು ಬಿಸಿಯಾಗಿದೆ ಅಂತ ಅರ್ಥ. ಎರಡು ಫೇಸು ಕರಕಲಾಗಿ ಒಂದು ಹೊಸದರ ಹಾಗೇ ಉಳಿದಿದ್ದರೆ ಒಂದು ಫೇಸ್ ಹೋಗಿತ್ತು, ಅದು ಸುರುಳಿಗಳನ್ನು ಸ್ಟಾರ್ ರೀತಿಯಲ್ಲಿ ಜೋಡಿಸಿದ ಮೋಟಾರು. ಡೆಲ್ಟಾ ಜೋಡಣೆ ಆಗಿದ್ದರೆ ಉಲ್ಟಾ, ಒಂದು ಸುಟ್ಟು ಎರಡು ಉಳಿದಿರುತ್ತವೆ. ಬೋರ್ ಬತ್ತಿ ಪಂಪು ಒಣಗಿ ಓಡಿದ್ದರೆ ಬೇರಿಂಗು, ಬುಷ್, ಇಂಪೆಲ್ಲರ್ ಮೊದಲು ಹಾಳಾಗಿರುತ್ತವೆ. ರಿವೈಂಡಿಂಗ್ ಮಾಡುವವರಿಗೆ ಇದೆಲ್ಲ ಬಾಯಿಪಾಠ. ಕಂಪನಿಯ ಫೈಲಿನಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಕೋಡು, 'ವೈಂಡಿಂಗ್ ಸುಟ್ಟಿದೆ'. ನಿಮ್ಮ ಇನ್ನೂರರ ವಿಂಗಡಣೆ ಇಲ್ಲಿ ಒಂದು ಸಲ ತಿದ್ದಬೇಕಾಗುತ್ತದೆ.

ಆಮೇಲೆ ಹೊಲಕ್ಕೆ ಹೋಗಿ, ಸ್ಟಾರ್ಟರ್ ಡಬ್ಬಿ ತೆಗೆಸಿ. ಅದರಲ್ಲಿ ಲೋಡ್ ಜಾಸ್ತಿಯಾದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇ ಇರುತ್ತದೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಅಂತ ಒಂದು ಚಿಕ್ಕ ಪೆಟ್ಟಿಗೆಯೂ ಇರುತ್ತದೆ. ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವುದು ಅದರ ಕೆಲಸ. ಸುಟ್ಟ ಮೋಟಾರಿನ ಡಬ್ಬಿ ತೆಗೆದಾಗ ಬಹಳ ಕಡೆ ಕಾಣುವುದು ಇದು: ಪ್ರಿವೆಂಟರ್‌ನ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಒಂದು ಗೇಣು ವೈರು ಸುತ್ತಿ ಬಿಗಿದಿರುತ್ತದೆ. ಪೆಟ್ಟಿಗೆ ಇದೆ, ದೀಪವೂ ಉರಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಬೈಪಾಸ್.

ಈ ಗೇಣು ವೈರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಫೀಸಿನಲ್ಲಿ ಕೂತವರಿಗೆ ಇದು ರೈತನ ತಪ್ಪು. 'ಸುರಕ್ಷತೆಯ ಸಾಧನ ಕಿತ್ತುಹಾಕಿದ್ದಾರೆ, ವಾರಂಟಿ ಇಲ್ಲ.' ಉತ್ಪನ್ನ ಹುಡುಕುವವನಿಗೆ ಅದೇ ವೈರು ಒಂದು ಮತಪತ್ರ. ಗ್ರಾಹಕ ತಾನು ಕಾಸು ಕೊಟ್ಟು ಕೊಂಡ ವಸ್ತುವನ್ನು ತಾನೇ ಸುಮ್ಮನಾಗಿಸಿದ್ದಾನೆ. ಅದಕ್ಕೆ ಕಾರಣ ಕೇಳಬೇಕು, ಅದೂ ಸರಿಯಾದ ರೀತಿಯಲ್ಲಿ.

'ಇದು ನಿಮಗೆ ಉಪಯೋಗ ಆಗುತ್ತಾ?', 'ಇಂಥದ್ದೊಂದು ಬಂದರೆ ತಗೋತೀರಾ?' ಅಂತೆಲ್ಲ ಕೇಳಬೇಡಿ. ಬಂದವರ ಮನಸ್ಸು ನೋಯಿಸಬಾರದು ಅಂತ ಎಲ್ಲರೂ ಹೂಂ ಅನ್ನುತ್ತಾರೆ. ಹಿಂದೆ ಆದದ್ದನ್ನು ಕೇಳಿ.

'ಈ ವೈರು ಯಾವಾಗ ಹಾಕಿಸಿದ್ರಿ ಗೌಡ್ರೆ?'

'ಹೋದ ಬೇಸಿಗೇಲಿ ಸಾರ್. ರಾತ್ರಿ ಎರಡು ಗಂಟೆಗೆ ಕರೆಂಟ್ ಬರೋದು, ಐದು ನಿಮಿಷ ಓಡಿ ಟ್ರಿಪ್ ಆಗೋದು. ಬೆಳಿಗ್ಗೆ ಹೋಗಿ ನೋಡಿದ್ರೆ ನೀರೇ ಹರಿದಿಲ್ಲ. ಮೂರು ದಿನ ಹಿಂಗಾಯ್ತು. ಟೊಮೊಟೊ ಬಾಡೋಕೆ ಶುರು ಆಯ್ತು, ಮೆಕ್ಯಾನಿಕ್ ಕರೆಸಿ ಡೈರೆಕ್ಟ್ ಮಾಡಿಸ್ದೆ.'

ಈ ನಾಲ್ಕು ಮಾತಿನಲ್ಲಿ ನಿಮ್ಮ ಉತ್ಪನ್ನದ ಅರ್ಧ ಕೆಲಸ ಇದೆ. ಕೃಷಿ ಪಂಪಿಗೆ ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಕಡೆ ರಾತ್ರಿ ಹೊತ್ತು. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟು ಬಂದ ತಕ್ಷಣ ಆ ಸಾಲಿನ ಎಲ್ಲ ಪಂಪೂ ಒಟ್ಟಿಗೇ ಎದ್ದು, 415 ವೋಲ್ಟ್ ಇರಬೇಕಾದ ಕಡೆ ಬಹಳ ಕೆಳಗೆ, ಅದೂ ಒಂದೊಂದು ಫೇಸಿನಲ್ಲಿ ಒಂದೊಂದು ಥರ ಬೀಳುತ್ತದೆ. ಪ್ರಿವೆಂಟರ್ ನಿಲ್ಲಿಸುತ್ತದೆ, ಒಂದು ಸಲ ನಿಲ್ಲಿಸಿದರೆ ಯಾರಾದರೂ ಹೋಗಿ ಬಟನ್ ಒತ್ತುವವರೆಗೆ ಹಾಗೇ ಇರುತ್ತದೆ. ಮೋಟಾರು ಸುಡುವುದು ಎಂದೋ ಒಂದು ದಿನ ಆಗಬಹುದಾದ ನಷ್ಟ. ನೀರು ಹರಿಯದಿರುವುದು ಇವತ್ತಿನ ನಷ್ಟ. ಗೌಡರು ಹಾಕಿದ ಲೆಕ್ಕ ಸರಿಯಾಗೇ ಇದೆ, ಅಲ್ವಾ?

ಆಫೀಸಿನಲ್ಲೇ ಕೂತು ಯೋಚಿಸಿದ್ದರೆ 'ಇನ್ನೂ ಗಟ್ಟಿಯಾದ ಪ್ರಿವೆಂಟರ್' ಅಂತ ಹೊಳೆಯುತ್ತಿತ್ತು. ಅದು ಇನ್ನೂ ಜಾಸ್ತಿ ಟ್ರಿಪ್ ಆಗುತ್ತಿತ್ತು, ಇನ್ನೂ ಬೇಗ ಬೈಪಾಸ್ ಆಗುತ್ತಿತ್ತು.

ಎಷ್ಟು ಕಡೆ ಹೋಗಬೇಕು? ನನ್ನ ಅಂದಾಜು ಹತ್ತರಿಂದ ಹದಿನೈದು. ಹೊಸ ಕಾರಣ ಕೇಳಿಬರುವುದು ನಿಂತು ಅದೇ ಕಥೆ ಮತ್ತೆ ಮತ್ತೆ ಬರತೊಡಗಿದಾಗ ಸಾಕು. ಹದಿನೈದು ಕಡೆ ಹದಿನೈದು ಬೇರೆ ಕಾರಣ ಬಂದರೆ ನಿಮ್ಮ ಗುಂಪು ತೀರಾ ದೊಡ್ಡದಾಗಿದೆ. ಒಂದು ತಾಲ್ಲೂಕು, ಒಂದು ಅಶ್ವಶಕ್ತಿ, ಒಂದು ಬೆಳೆ ಅಂತ ಚಿಕ್ಕದು ಮಾಡಿಕೊಳ್ಳಿ.

ತಯಾರಿಸುವ ಮೊದಲು ಕೈಯಲ್ಲೇ ನಡೆಸಿ

ಈಗ ಎಲ್ಲರಿಗೂ ಡಿಸೈನ್ ಶುರು ಮಾಡುವ ಆಸೆ ಬರುತ್ತದೆ. ಬೇಡ. ಉತ್ಪನ್ನ ಮಾಡಬೇಕಾದ ಕೆಲಸವನ್ನು ಮೊದಲು ಮನುಷ್ಯರಿಂದ ಮಾಡಿಸಿ.

ನಮ್ಮ ಉದಾಹರಣೆಯಲ್ಲಿ ಮೊದಲ ಊಹೆ ಹೀಗಿತ್ತು ಅಂದುಕೊಳ್ಳಿ: ಮೋಟಾರು ಸುಟ್ಟ ದಿನ ವೋಲ್ಟೇಜ್ ಎಷ್ಟಿತ್ತು ಅಂತ ದಾಖಲೆ ಇದ್ದರೆ ಜಗಳ ತಪ್ಪುತ್ತದೆ. ಅಂದರೆ ಒಂದು ರೆಕಾರ್ಡರ್ ಬೇಕು. ಅದನ್ನು ಮಾಡಿಸುವ ಮೊದಲು ಇಪ್ಪತ್ತು ಬೋರ್‌ವೆಲ್ ಆರಿಸಿಕೊಳ್ಳಿ. ಎರಡು ಡೀಲರ್‌ಗಳಿಗೆ ಹೇಳಿ, ಸ್ಟಾರ್ಟರ್ ಮೇಲಿನ ವೋಲ್ಟ್‌ಮೀಟರ್ ಮತ್ತು ಆಮ್ಮೀಟರ್ ಫೋಟೊ ತೆಗೆದು ಕಳಿಸುವಂತೆ ರೈತರನ್ನು ಕೇಳಿಸಿ. ಖರ್ಚು ಏನೂ ಇಲ್ಲ.

ಒಂದು ತಿಂಗಳಲ್ಲಿ ಎರಡು ವಿಷಯ ಗೊತ್ತಾಗುತ್ತವೆ. ಫೋಟೊಗಳೆಲ್ಲ ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗಿನವು, ರಾತ್ರಿಯದು ಒಂದೂ ಇಲ್ಲ. ಮೋಟಾರು ಕಷ್ಟಪಡುವ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ: ಎರಡನೇ ವಾರದಿಂದ ರೈತರ ಫೋಟೊ ನಿಂತುಹೋಗುತ್ತದೆ, ಡೀಲರ್ ಮಾತ್ರ ಬಿಡದೆ ಕೇಳಿ ಕೇಳಿ ತರಿಸುತ್ತಾನೆ. ದಾಖಲೆ ಬೇಕಾಗಿರುವುದು ಡೀಲರ್‌ಗೆ. ಕ್ಲೇಮು ತಿರಸ್ಕೃತವಾದರೆ ಊರಲ್ಲಿ ಮಾತು ಕೇಳುವವನು ಅವನು. ಪೈಪು ಎತ್ತಿಸುವ ಕೂಲಿಯೂ ಎಷ್ಟೋ ಸಲ ಅವನ ತಲೆಗೇ ಬರುತ್ತದೆ. ರೈತನಿಗೆ ದಾಖಲೆ ಕಟ್ಟಿಕೊಂಡು ಏನಾಗಬೇಕು? ಅವನಿಗೆ ನೀರು ಬೇಕು. ಹಾಗಾಗಿ ಬರೀ ರೆಕಾರ್ಡರ್ ಸಾಲದು, ನಿಂತ ಪಂಪನ್ನು ತಾನೇ ಮತ್ತೆ ಏಳಿಸುವ ಪೆಟ್ಟಿಗೆ ಬೇಕು.

ಉಪಯೋಗಿಸುವವನು ಒಬ್ಬ, ದುಡ್ಡು ಕೊಡಲು ತಯಾರಿರುವವನು ಇನ್ನೊಬ್ಬ. ದೊಡ್ಡ ಕಂಪನಿಗಳ ಉತ್ಪನ್ನಗಳಲ್ಲಿ ಇದು ಸಾಮಾನ್ಯ. ಕೈಯಲ್ಲೇ ನಡೆಸಿ ನೋಡಿದಾಗ ಇದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಡೈ ಮಾಡಿಸಿ, ಸರ್ಕ್ಯೂಟ್ ಬೋರ್ಡ್ ಹಾಕಿಸಿ ಆದ ಮೇಲೆ ಗೊತ್ತಾದರೆ ಒಂದು ವರ್ಷ ಹೋಗಿರುತ್ತದೆ.

ಬಾಯಿಮಾತಿಗಿಂತ ಬಳಸಿದ ಅನುಭವ ಎಷ್ಟು ಬೇರೆ ಅನ್ನುವುದಕ್ಕೆ ಅಮೆರಿಕದ ತ್ರೀಎಂ ಕಂಪನಿಯ ಪೋಸ್ಟ್-ಇಟ್ ಚೀಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ನೌಕರ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಅಂಟಿಯೂ ಅಂಟದ, ಸುಲಭವಾಗಿ ಬಿಡಿಸಬಹುದಾದ ಅಂಟು ಕಂಡುಹಿಡಿದಿದ್ದರು. ಅದಕ್ಕೆ ಕೆಲಸವೇ ಸಿಕ್ಕಿರಲಿಲ್ಲ. ಇನ್ನೊಬ್ಬ ನೌಕರ ಆರ್ಟ್ ಫ್ರೈ 1974ರಲ್ಲಿ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುವುದು ನೋಡಿ ಅದಕ್ಕೆ ಈ ಅಂಟು ಬಳಸಿದರು. ಕಂಪನಿಯೊಳಗಿನ ಸಿಬ್ಬಂದಿಗೆ ಹಂಚಿದಾಗ ಅವರು ಮತ್ತೆ ಮತ್ತೆ ಕೇಳಿ ಪಡೆದರು. ಆದರೂ 1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಸರಿಯಾಗಿ ಹೋಗಲಿಲ್ಲ. ಮುಂದಿನ ವರ್ಷ ಐಡಹೊ ರಾಜ್ಯದ ಬಾಯ್ಸಿ ನಗರದ ಆಫೀಸುಗಳಿಗೆ ಸುಮ್ನೆ ಉಚಿತವಾಗಿ ಹಂಚಿದರು. ಬಳಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ಕೊಳ್ಳುತ್ತೇವೆ ಅಂದರು. 1980ರಲ್ಲಿ ಅಮೆರಿಕದ ತುಂಬ ಬಂತು. ಆ ಎರಡು ಪ್ರಯೋಗಗಳ ನಡುವೆ ಬದಲಾದದ್ದು ಜನರ ಕೈಗೆ ಚೀಟಿ ಹೋದದ್ದು.

ಇಪ್ಪತ್ತು ಬೋರ್‌ವೆಲ್‌ನ ಪ್ರಯೋಗಕ್ಕೆ ಒಂದು ಮಿತಿಯೂ ಇದೆ, ಅದನ್ನು ಮೊದಲೇ ತಿಳಿದುಕೊಳ್ಳಿ. 'ನಮ್ಮ ಪೆಟ್ಟಿಗೆ ಹಾಕಿದ ಇಪ್ಪತ್ತರಲ್ಲಿ ಒಂದೂ ಸುಡಲಿಲ್ಲ' ಅಂದರೆ ಏನೂ ಸಾಬೀತಾಗುವುದಿಲ್ಲ. ನೂರಕ್ಕೆ ನಾಲ್ಕೈದು ಸುಡುವ ಕಡೆ, ಏನೂ ಹಾಕದೆಯೂ ಇಪ್ಪತ್ತರಲ್ಲಿ ಒಂದೂ ಸುಡದೇ ಇರಬಹುದು. ಅದನ್ನು ತೋರಿಸಲು ನೂರಾರು ಪಂಪು, ಒಂದಿಡೀ ಬೇಸಿಗೆ ಬೇಕು. ಇಪ್ಪತ್ತರಲ್ಲಿ ನಂಬಿಕೆಯಿಂದ ಅಳೆಯಬಹುದಾದದ್ದು ನಡವಳಿಕೆ. ಹಳೆಯ ಡಬ್ಬಿಗಳಲ್ಲಿ ಇಪ್ಪತ್ತಕ್ಕೆ 11 ಬೈಪಾಸ್ ಆಗಿದ್ದವು. ಟ್ರಿಪ್ ಆದ ಮೇಲೆ ವೋಲ್ಟೇಜ್ ಸರಿಯಾದಾಗ ತಾನೇ ಮತ್ತೆ ಶುರು ಮಾಡುವ ಸ್ಟಾರ್ಟರ್ ಪ್ಯಾನೆಲ್ ಹಾಕಿ, ಯಾರಾದರೂ ಬಿಚ್ಚಿದರೆ ಗೊತ್ತಾಗುವಂತೆ ಸೀಲು ಹಾಕಿ, ಮೂರು ತಿಂಗಳು ಬಿಟ್ಟು ನೋಡಿದರೆ 17ರಲ್ಲಿ ಸೀಲು ಹಾಗೇ ಇದೆ. ಇದು ನಿಜವಾದ ಫಲಿತಾಂಶ. ಸೀಲು ಮುರಿದ ಮೂರರ ಮನೆಗೆ ಮೊದಲು ಹೋಗಿ. ಮುಂದಿನ ತಿದ್ದುಪಡಿ ಅಲ್ಲಿ ಸಿಗುತ್ತದೆ.

ಹೊರಗಿನವರು ಇದನ್ನು ಯಾಕೆ ಮಾಡಲಾರರು?

ತಾನೇ ಮತ್ತೆ ಶುರುವಾಗುವ ಪ್ಯಾನೆಲ್ ಪೇಟೆಯಲ್ಲಿ ಈಗಲೇ ಸಿಗುತ್ತದೆ. ಮೊಬೈಲಿನಿಂದ ಪಂಪ್ ಶುರು ಮಾಡುವ ಸಾಧನಗಳೂ ವರ್ಷಗಳಿಂದ ಇವೆ. ಹಾಗಾದರೆ ನಿಮ್ಮ ಉತ್ಪನ್ನ ಏನು? ಈ ಪ್ರಶ್ನೆ ಕೇಳಿಕೊಳ್ಳದೆ ಹೋದವರ ಐಡಿಯಾ ಕೊನೆಗೆ 'ಪೇಟೆಯಿಂದ ಕೊಂಡು ನಮ್ಮ ಸ್ಟಿಕ್ಕರ್ ಅಂಟಿಸೋಣ' ಅನ್ನುವಲ್ಲಿಗೆ ಮುಗಿಯುತ್ತದೆ.

ನಿಮ್ಮ ಕಂಪನಿಯ ಹತ್ತಿರ ಮಾತ್ರ ಏನಿದೆ ಅಂತ ಬರೆದು ನೋಡಿ. ಪಂಪು ನಿಮ್ಮದು. ಯಾವ ತಾಲ್ಲೂಕಿನಲ್ಲಿ ಯಾವ ಮೋಟಾರು ಯಾವ ತಿಂಗಳು ಸುಡುತ್ತದೆ ಅನ್ನುವ ಕ್ಲೇಮಿನ ಇತಿಹಾಸ ನಿಮ್ಮದು. ಡೀಲರ್ ಜಾಲ ನಿಮ್ಮದು. ಎಲ್ಲಕ್ಕಿಂತ ಮುಖ್ಯವಾಗಿ, ವಾರಂಟಿ ಕೊಡುವ ಅಧಿಕಾರ ನಿಮ್ಮದು. ಪ್ಯಾನೆಲ್ ಮಾಡುವ ಚಿಕ್ಕ ಕಂಪನಿ 'ಮೋಟಾರು ಸುಟ್ಟರೆ ನಾನು ಕೊಡುತ್ತೇನೆ' ಅಂತ ಹೇಳಲಾರದು, ಯಾಕೆಂದರೆ ಮೋಟಾರು ಅವರದಲ್ಲ.

ಉತ್ಪನ್ನ ಈಗ ಸ್ಪಷ್ಟವಾಗುತ್ತದೆ. ಪಂಪು ಮತ್ತು ಪ್ಯಾನೆಲ್ ಒಟ್ಟಿಗೆ, ಪ್ಯಾನೆಲ್‌ನ ಸೀಲು ಹಾಗೇ ಇರುವವರೆಗೆ ವೈಂಡಿಂಗ್ ಸುಟ್ಟರೂ ವಾರಂಟಿ. ಡೀಲರ್‌ಗೆ ಊರಲ್ಲಿ ಮಾತು ಕೇಳುವುದು ತಪ್ಪುತ್ತದೆ. ರೈತನಿಗೆ ರಾತ್ರಿ ಎರಡು ಗಂಟೆಗೆ ನಿಂತ ಪಂಪು ತಾನೇ ಮತ್ತೆ ಏಳುತ್ತದೆ, ಬೈಪಾಸ್ ಮಾಡುವ ಅಗತ್ಯ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ. ಹೊಸದು ಇರುವುದು ಅದರ ಜೊತೆ ಕೊಡುವ ಮಾತಿನಲ್ಲಿ.

ಬಿಡಿಭಾಗಗಳನ್ನೂ ಹೀಗೇ ಹುಡುಕಿ, ಎಲ್ಲವನ್ನೂ ಹೊಸದಾಗಿ ಮಾಡಿಸಬೇಡಿ. ಬೆಂಗಳೂರಿನಲ್ಲಿ ಜಿಇ ಕಂಪನಿಯ ಎಂಜಿನಿಯರುಗಳು ಮ್ಯಾಕ್ 400 ಅನ್ನುವ ಇಸಿಜಿ ಯಂತ್ರ ರೂಪಿಸಿದಾಗ ಭಾರದ ಪ್ರಿಂಟರಿನ ಜಾಗದಲ್ಲಿ ಟಿಕೆಟ್ ಮುದ್ರಿಸುವ ಕೈಯಂತ್ರಗಳಲ್ಲಿರುವಂಥ ಪುಟ್ಟ ಪ್ರಿಂಟರ್ ಹಾಕಿದರು. ಗುಂಡಿಗಳನ್ನು ನಾಲ್ಕಕ್ಕೆ ಇಳಿಸಿದರು. ಬ್ಯಾಟರಿಯಲ್ಲೂ ಓಡುವ, ಬೆನ್ನಿನ ಚೀಲದಲ್ಲಿ ಹಿಡಿಯುವ ಯಂತ್ರ ಆಯಿತು. ಸಾಮಾನ್ಯ ಯಂತ್ರಕ್ಕೆ 2,000 ಡಾಲರ್ ಇದ್ದ ಕಡೆ ಇದು ಸುಮಾರು 800 ಡಾಲರ್‌ಗೆ ಬಂತು. ಇಸಿಜಿಯ ಜ್ಞಾನ ಕಂಪನಿಯ ಹತ್ತಿರ ಮೊದಲೇ ಇತ್ತು. ಕರೆಂಟು ಸರಿಯಿಲ್ಲದ ಊರಿನ ಡಾಕ್ಟರು ಹೇಗೆ ಕೆಲಸ ಮಾಡುತ್ತಾರೆ ಅನ್ನುವ ತಿಳಿವಳಿಕೆ ಅದಕ್ಕೆ ಸೇರಿತು.

ಯಾರ ಮೇಜಿಗೆ ಒಯ್ಯುವುದು

ಹೆಚ್ಚಿನ ಐಡಿಯಾಗಳು ಸಾಯುವುದು ಇಲ್ಲಿ. ಕಂಪನಿಯಲ್ಲಿ ವರ್ಷಕ್ಕೊಂದು ಇನ್ನೊವೇಶನ್ ಸ್ಪರ್ಧೆ ಇದ್ದರೆ ಮೊದಲು ಅದಕ್ಕೆ ಕಳಿಸಬೇಡಿ ಅನ್ನುತ್ತೇನೆ. ಅಲ್ಲಿ ಫೋಟೊ, ಪ್ರಶಸ್ತಿಪತ್ರ ಸಿಗುತ್ತದೆ. ಮಾರನೆಯ ದಿನ ಆ ಐಡಿಯಾಕ್ಕೆ ಬಜೆಟ್ ಇರುವ ಯಾವ ವಿಭಾಗವೂ ಮಾಲೀಕ ಆಗಿರುವುದಿಲ್ಲ.

ಹುಡುಕಬೇಕಾದದ್ದು ಮಾಲೀಕನನ್ನು. ಆ 52 ಲಕ್ಷ ಯಾರ ಬಜೆಟ್ಟಿನಿಂದ ಹೋಗುತ್ತಿದೆ? ಸರ್ವಿಸ್ ಮುಖ್ಯಸ್ಥರದು. ಹೊಸ ಪ್ಯಾನೆಲ್ ಮಾರಿದರೆ ಯಾರ ಟಾರ್ಗೆಟ್ಟಿಗೆ ಸೇರುತ್ತದೆ? ಸ್ಟಾರ್ಟರ್ ಮಾರುವ ವಿಭಾಗಕ್ಕೆ. ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಹೋಗಿ. ಒಬ್ಬರು ವರ್ಗವಾಗಿ ಹೋದರೂ ಇನ್ನೊಬ್ಬರಿಗೆ ವಿಷಯ ಗೊತ್ತಿರಬೇಕು. ನಿಮ್ಮ ನೇರ ಬಾಸ್‌ಗೆ ಇದಕ್ಕಿಂತ ಮೊದಲೇ ಗೊತ್ತಿರಲಿ. ಇನ್ನೊಬ್ಬರ ಬಾಯಿಂದ ಕೇಳುವ ಬಾಸ್ ಎಷ್ಟು ಒಳ್ಳೆಯವರಾದರೂ ಅಡ್ಡ ಬರುತ್ತಾರೆ.

ಕೇಳುವ ಮೊತ್ತ ಚಿಕ್ಕದಿರಲಿ. ಪ್ರತಿ ಮುಖ್ಯಸ್ಥರಿಗೂ ಸಮಿತಿ ಇಲ್ಲದೆ ಮಂಜೂರು ಮಾಡುವ ಒಂದು ಮಿತಿ ಇರುತ್ತದೆ. ಅದು ಒಂದು ಲಕ್ಷ ಅಂದರೆ ನಿಮ್ಮ ಪ್ರಯೋಗ ಅದರೊಳಗೆ ಮುಗಿಯಬೇಕು. ಪೇಟೆಯಿಂದ ಮೂರು ಸಾವಿರದ ಲೆಕ್ಕದಲ್ಲಿ ಇಪ್ಪತ್ತು ಪ್ಯಾನೆಲ್ ಕೊಂಡರೆ 60,000. ಕಮಿಟಿಗೆ ಹೋದರೆ 'ನೂರು ಕೋಟಿ ಆಗುತ್ತಾ?' ಅಂತ ಕೇಳುತ್ತಾರೆ, ಇನ್ನೂ ಕಣ್ಣು ಬಿಡದ ಐಡಿಯಾಕ್ಕೆ ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಇಪ್ಪತ್ತರ ಪ್ರಯೋಗ ಮುಗಿದ ಮೇಲೆ ಒಯ್ಯುವುದು ಒಂದೇ ಪುಟ. ಮೇಲೆ ಖರ್ಚಿನ ಅಂಕಿ ಮತ್ತು ಅದು ಹೇಗೆ ಬಂತು ಅನ್ನುವುದು. ಅದರ ಕೆಳಗೆ ಬೈಪಾಸ್ ವೈರಿನ ಫೋಟೊ. ಆಮೇಲೆ ಇಪ್ಪತ್ತರ ಫಲಿತಾಂಶ, ಮುಂದಿನ ನೂರಕ್ಕೆ ಬೇಕಾದ ಹಣ, ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೀರಿ ಅನ್ನುವ ಒಂದು ಸಾಲು. ಜೊತೆಗೆ ಡೀಲರ್‌ಗಳ ಇಂಡೆಂಟ್ ಇರಲಿ. 'ಮುಂದಿನ ಐದು ಇನ್‌ಸ್ಟಾಲೇಶನ್‌ಗೆ ಈ ಪ್ಯಾನೆಲ್ ಹಾಕುತ್ತೇನೆ, ಬೆಲೆ ಇಷ್ಟು' ಅಂತ ಅಂಗಡಿಯ ಸೀಲು ಹಾಕಿ ಕೊಟ್ಟ ಚೀಟಿ ನೂರು ಹೊಗಳಿಕೆಗಿಂತ ಮೇಲು. ಡೀಲರ್ ಬಾಯಲ್ಲಿ 'ಸೂಪರ್ ಸಾರ್' ಅಂದು ಇಂಡೆಂಟ್ ಕೊಡಲು ಹಿಂದೇಟು ಹಾಕಿದರೆ ಬೆಲೆಯೋ ಮಾರ್ಜಿನ್ನೋ ಸರಿ ಇಲ್ಲ ಅಂತ ತಿಳಿಯಿರಿ.

ಸಹಿ ಹಾಕಿದ ಕಾಗದಗಳು

ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಒಪ್ಪಂದ ತೆಗೆದು ಓದಿ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ನೌಕರನ ಆವಿಷ್ಕಾರ ಯಾರದು ಅಂತ ಬಿಡಿಸಿ ಹೇಳುವ ಪ್ರತ್ಯೇಕ ನಿಯಮ ಇಲ್ಲ, ಒಪ್ಪಂದದ ಮಾತೇ ಮುಖ್ಯವಾಗುತ್ತದೆ. ಕೆಲಸದ ಭಾಗವಾಗಿ ಬರೆದ ಸಾಫ್ಟ್‌ವೇರ್ ಮತ್ತು ಬರಹಗಳ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಕಂಪನಿಗೇ ಸೇರುತ್ತದೆ. ಇಲ್ಲಿ ನೀವು ಹುಡುಕುತ್ತಿರುವುದು ಕಂಪನಿಯ ಉತ್ಪನ್ನವನ್ನೇ, ಹಾಗಾಗಿ ಅದರಲ್ಲಿ ಬೇಸರ ಪಡುವಂಥದ್ದಿಲ್ಲ. ಆದರೆ ಮೊದಲೇ ಗೊತ್ತಿದ್ದು ಮಾಡಬೇಕು.

ಪ್ಯಾನೆಲ್‌ನಲ್ಲಿ ನಿಜವಾಗಿ ಹೊಸದೇನಾದರೂ ಇದ್ದರೆ ಡೀಲರ್‌ಗಳಿಗೆ ತೋರಿಸುವ ಮೊದಲೇ ಪೇಟೆಂಟ್ ವಿಭಾಗಕ್ಕೆ ತಿಳಿಸಿ. ಅರ್ಜಿ ಹಾಕುವ ಮೊದಲು ಎಲ್ಲರ ಮುಂದೆ ಇಟ್ಟರೆ ಹೊಸತನ ಹೋಯಿತು ಅಂತ ಪೇಟೆಂಟ್ ಕೈತಪ್ಪಬಹುದು. ಆ ಅರ್ಜಿಯಲ್ಲಿ ಆವಿಷ್ಕಾರಕರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆ, ಹಕ್ಕು ಕಂಪನಿಯದಾದರೂ. ಜೊತೆಗೆ ಕೆಲಸ ಮಾಡಿದ ಸರ್ವಿಸ್ ಎಂಜಿನಿಯರ್ ನಿಜವಾಗಿ ಏನಾದರೂ ಸೂಚಿಸಿದ್ದರೆ ಅವರ ಹೆಸರನ್ನೂ ಸೇರಿಸಿ.

ಕ್ಲೇಮಿನ ಫೈಲುಗಳನ್ನು ಮನೆಯ ಲ್ಯಾಪ್‌ಟಾಪಿಗೋ ಸ್ವಂತ ಮೇಲಿಗೋ ಕಳಿಸಿಕೊಳ್ಳಬೇಡಿ. ಅದರಲ್ಲಿ ರೈತರ ಹೆಸರು, ಫೋನ್ ನಂಬರ್ ಇರುತ್ತವೆ. ಅವರು ಅದನ್ನು ಕೊಟ್ಟದ್ದು ರಿಪೇರಿಗಾಗಿ. ಮಾತಾಡಬೇಕಾದರೆ ಸರ್ವಿಸ್ ವಿಭಾಗದ ಮೂಲಕವೇ, ಅವರ ಒಪ್ಪಿಗೆ ಕೇಳಿಯೇ ಮಾತಾಡಿ.

ಬೇಡ ಅಂದರೆ

ಬೇಡ ಅನ್ನುವುದರಲ್ಲೂ ಬಗೆಗಳಿವೆ, ಯಾವುದು ಅಂತ ಗುರುತಿಸಬೇಕು. 'ಈ ವರ್ಷ ದುಡ್ಡಿಲ್ಲ' ಅಂದರೆ ಕಾಯಬಹುದು. 'ಇದು ಬಂದರೆ ನಮ್ಮ ಮೋಟಾರು ಮಾರಾಟವೇ ಕಡಿಮೆ ಆಗುತ್ತೆ' ಅಂದರೆ ವಿಷಯ ಗಂಭೀರ. ಸುಟ್ಟ ಮೋಟಾರಿನ ಬದಲಿಗೆ ಹೊಸದು ಮಾರುವುದೇ ಕೆಲವರ ಟಾರ್ಗೆಟ್ ಆಗಿರಬಹುದು. ಕೊಡಾಕ್ ಕಂಪನಿಯೊಳಗೆ ಸ್ಟೀವ್ ಸ್ಯಾಸನ್ ಎಂಬ ಎಂಜಿನಿಯರ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಕಂಪನಿಯ ಬದುಕು ನಡೆಯುತ್ತಿದ್ದದ್ದು ಫಿಲ್ಮಿನಿಂದ. 2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿತು. ಈ ಕಥೆ ಹೇಳಿ ಬಾಸನ್ನು ಹೆದರಿಸಲು ಹೋಗಬೇಡಿ, ಅದರಿಂದ ಯಾರ ಮನಸ್ಸೂ ಬದಲಾಗುವುದಿಲ್ಲ. ಆ ವಿಭಾಗದ ಟಾರ್ಗೆಟ್ಟಿಗೆ ಪ್ಯಾನೆಲ್ ಮಾರಾಟವೂ ಸೇರುವಂತೆ ಲೆಕ್ಕ ತಿದ್ದಿಸಲು ಸಾಧ್ಯವೇ ಅಂತ ಕೇಳಿ. ಸಾಧ್ಯವಾದರೆ ಅದೇ ಮನುಷ್ಯ ನಿಮ್ಮ ಪರ ನಿಲ್ಲುತ್ತಾರೆ.

ಮೂರನೆಯದು, ಯಾರೂ ಬೇಡ ಅನ್ನದೆ, 'ಚೆನ್ನಾಗಿದೆ, ನೋಡೋಣ' ಅಂತ ತಿಂಗಳುಗಟ್ಟಲೆ ಎಳೆಯುವುದು. ಅದಕ್ಕೆ ಒಂದು ತಾರೀಕು ಹಾಕಿ. ಬೇಸಿಗೆಗೆ ಮೊದಲು ನೂರು ಪ್ಯಾನೆಲ್ ಹೊಲಕ್ಕೆ ಹೋಗದಿದ್ದರೆ ಆ ವರ್ಷದ ಅಳತೆ ಸಿಗುವುದಿಲ್ಲ. ಹಾಗಾಗಿ ಜನವರಿ ಕೊನೆಯೊಳಗೆ ಮಂಜೂರಾಗದಿದ್ದರೆ ಈ ವರ್ಷಕ್ಕೆ ಮುಚ್ಚುತ್ತೇನೆ ಅಂತ ನೀವೇ ಬರೆದು ಕಳಿಸಿ. ಫೈಲನ್ನು ಸರ್ವಿಸ್ ವಿಭಾಗದಲ್ಲೇ ಬಿಡಿ. ಮುಂದಿನ ವರ್ಷ ಮತ್ತೆ ಇನ್ನೂರು ಕ್ಲೇಮು ಎತ್ತಿ ಓದಿ. ಸ್ಪೆಷಲ್ ಅಪ್ರೂವಲ್ ಜಾಸ್ತಿ ಆಗಿದ್ದರೆ ಹೊಸ ಅಂಕಿ ಹಾಕಿ ಅದೇ ಪುಟ ಮತ್ತೆ ಕೊಡಿ. ಕಂಪನಿ ಆ ರೂಢಿಯನ್ನೇ ನಿಲ್ಲಿಸಿದ್ದರೆ ಖರ್ಚಿನ ಆಧಾರ ಹೋಯಿತು. ಆಗ ಈ ಐಡಿಯಾ ಬಿಟ್ಟು, ಕಾರಣದ ಪಟ್ಟಿಯಲ್ಲಿ ಎರಡನೇ ಜಾಗದಲ್ಲಿರುವ ದೂರನ್ನು ಕೈಗೆತ್ತಿಕೊಳ್ಳಿ.